ಹೋಂಸ್ಟೇ ಸೂಚನೆಗಳಿಗೆ ಯಾವ ಕನ್ನಡ?

“ಹೋಂಸ್ಟೇ ಕೋಣೆಯ ಸೂಚನೆಗಳನ್ನು ಗ್ರಾಂಥಿಕ ಕನ್ನಡದಲ್ಲಿ ಬರೆಯಬೇಕೋ, ಆಡುಮಾತಿನಲ್ಲೋ?”

ಸ್ವಾಗತದ ಚೀಟಿಗೆ ಆಡುಮಾತು ಚೆನ್ನ. ‘ಬನ್ನಿ, ಕಾಫಿ ಕುಡಿದು ಸುಧಾರಿಸ್ಕೊಳ್ಳಿ’ ಎಂದರೆ ಮನೆಯವರೇ ಕರೆದಂತಿರುತ್ತದೆ. ಎಚ್ಚರಿಕೆಗೆ ಮಾತ್ರ ಅದು ಬೇಡ, ಏಕೆಂದರೆ ಮೈಸೂರಿನ ಆಡುಮಾತು ಧಾರವಾಡದವರದ್ದಲ್ಲ. ಹಾಗೆಂದು ‘ಗ್ಯಾಸ್ ಗೀಸರ್ ಚಾಲನೆಯಲ್ಲಿರುವಾಗ ವಾತಾಯನವನ್ನು ಮುಚ್ಚತಕ್ಕದ್ದಲ್ಲ’ ಎಂದು ಬರೆದರೆ ಅವಸರದಲ್ಲಿ ಸ್ನಾನಕ್ಕೆ ಹೊರಟವರು ಓದುವುದೇ ಇಲ್ಲ. ‘ಗೀಸರ್ ಉರಿಯುವಾಗ ಕಿಟಕಿ ಮುಚ್ಚಬೇಡಿ. ವಿಷಾನಿಲ ತುಂಬಿ ಪ್ರಾಣ ಹೋಗಬಹುದು’ ಎಂದು ಬರೆಯಿರಿ. ವ್ಯಾಕರಣ ಬರಹದ್ದು, ಪದಗಳು ದಿನಬಳಕೆಯವು. ಎಲ್ಲ ಜಿಲ್ಲೆಯವರಿಗೂ ಒಂದೇ ಓದಿಗೆ ತಿಳಿಯುತ್ತದೆ. ಕಾರಣವನ್ನು ದಯವಿಟ್ಟು ಬಿಡಬೇಡಿ, ಆ ಅನಿಲಕ್ಕೆ ವಾಸನೆಯೇ ಇಲ್ಲ. ‘ನಿಷೇಧಿಸಲಾಗಿದೆ’ ಎಂಬುದು ದಂಡವಿರುವ ನಿಯಮಗಳಿಗಷ್ಟೇ ಇರಲಿ. ಚಪ್ಪಲಿ ಹೊರಗೆ ಬಿಡಿಸಲು ‘ದಯವಿಟ್ಟು ಚಪ್ಪಲಿ ಇಲ್ಲಿಡಿ’ ಸಾಕು.