ಪನಾಮಾ ಕಾಣದ ಪನಾಮಾದವರು

ಮೊನ್ನೆ ಸಂಜೆ ಕಾರವಾರದ ಕಡಲತೀರದಲ್ಲಿ ಗೆಳೆಯರೊಬ್ಬರು ದೂರದಲ್ಲಿ ಲಂಗರು ಹಾಕಿದ್ದ ಹಡಗನ್ನು ತೋರಿಸಿ, "ಪನಾಮಾದ್ದಂತೆ" ಎಂದರು. ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಕಟ್ಟಿದ್ದು ಒಂದು ದೇಶ, ಮಾಲೀಕ ಇನ್ನೊಂದು ದೇಶ, ಡೆಕ್ಕಿನ ಮೇಲೆ ಬಟ್ಟೆ ಒಣಗಿಸುವವರು ಮೂರನೆಯ ದೇಶದವರು. ಪನಾಮಾದಲ್ಲಿ ಹೆಸರು ಬರೆಸಿ ಶುಲ್ಕ ಕಟ್ಟಿದರೆ ಪನಾಮಾದ್ದಾಯಿತು. 2006ರ ಮೇ ಕೊನೆಯಲ್ಲಿ ಇಲ್ಲೇ ಬಂಡೆಗೆ ಬಡಿದು ಎಣ್ಣೆ ಕಾರಿದ ಓಷನ್ ಸೆರಾಯಾ ಕೂಡ ಪನಾಮಾದ್ದೇ. ಎಣ್ಣೆ ಬಳಿದುಕೊಂಡ ಮರಳು ಮಾತ್ರ ಅಪ್ಪಟ ಕಾರವಾರದ್ದು.

ಹಾಗೆಂದು ಕಾನೂನೇ ಇಲ್ಲವೆಂದು ತಿಳಿಯಬೇಡಿ. ಹಡಗಿಗೂ ಅದರ ಬಾವುಟದ ದೇಶಕ್ಕೂ 'ನೈಜ ನಂಟು' ಇರಲೇಬೇಕೆಂದು 1982ರ ಸಾಗರ ಒಪ್ಪಂದದ 91ನೆಯ ವಿಧಿ ಗಂಭೀರವಾಗಿ ಹೇಳುತ್ತದೆ. ಎಂಥ ನಂಟು ಎಂಬುದನ್ನು ಮಾತ್ರ ಹೇಳುವುದಿಲ್ಲ. 'ಸೈಗಾ' ಎಂಬ ಹಡಗಿನ ವ್ಯಾಜ್ಯಕ್ಕೆ 1999ರಲ್ಲಿ ತೀರ್ಪು ಕೊಡುವಾಗ, ಹ್ಯಾಂಬರ್ಗಿನಲ್ಲಿರುವ ಸಾಗರ ನ್ಯಾಯಮಂಡಳಿ ಇದ್ದ ಅನುಮಾನವನ್ನೂ ಕಳೆಯಿತು. ನಂಟಿನ ಮಾತು ಇರುವುದು ಬಾವುಟದ ದೇಶ ತನ್ನ ಹೊಣೆಯನ್ನು ಸರಿಯಾಗಿ ಹೊರಲಿ ಎಂದು. ನಂಟು ಸಾಲದೆಂದು ಬೇರೆ ದೇಶವೊಂದು ಹಡಗಿನ ರಾಷ್ಟ್ರೀಯತೆಯನ್ನೇ ಅಲ್ಲಗಳೆಯುವಂತಿಲ್ಲ ಎಂದಿತು. ಕಬ್ಬಿಣಕ್ಕೂ ಮಾನವಿದೆ ನೋಡಿ.

ಅದೇ ಹ್ಯಾಂಬರ್ಗಿನಲ್ಲಿ ಹುಟ್ಟಿದ ಫ್ರೆಡ್ರಿಕ್ ನೊಟ್ಟೆಬೋಮ್ ಎಂಬವನು ಹಡಗಾಗಲಿಲ್ಲ, ಅದೇ ಅವನ ತಪ್ಪು. 1905ರಿಂದ ಗ್ವಾಟೆಮಾಲಾದಲ್ಲಿ ವ್ಯಾಪಾರ, ತೋಟ ಎಂದು ಬೇರು ಬಿಟ್ಟಿದ್ದ. 1939ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ಆಗಿರುವುದು ಕ್ಷೇಮವಲ್ಲವೆಂದು ಲಿಕ್ಟೆನ್‌ಸ್ಟೈನ್ ಎಂಬ ಅಂಗೈಯಗಲದ ದೇಶದ ಬಾಗಿಲು ತಟ್ಟಿದ. ಅಲ್ಲೊಂದು ಹಳ್ಳಿಗೆ 25,000 ಸ್ವಿಸ್ ಫ್ರಾಂಕ್, ಸರ್ಕಾರಕ್ಕೆ 12,500. ಮೂರು ವರ್ಷ ವಾಸವಿರಬೇಕೆಂಬ ನಿಯಮಕ್ಕೆ ವಿನಾಯಿತಿ. ಅಕ್ಟೋಬರಿನಲ್ಲಿ ಅರ್ಜಿ ಹಾಕಿ ಅದೇ ಅಕ್ಟೋಬರಿನಲ್ಲಿ ಪ್ರಮಾಣವಚನ! ನಮ್ಮಲ್ಲಿ ಪಹಣಿಯ ಒಂದಕ್ಷರ ತಿದ್ದಿಸಲು ನಾನು ಎರಡು ಮಳೆಗಾಲ ಅಲೆದಿದ್ದೇನೆ.

ಆದರೂ 1943ರಲ್ಲಿ ಗ್ವಾಟೆಮಾಲಾ ಅವನನ್ನು ಶತ್ರುವೆಂದು ಹಿಡಿದು ಅಮೆರಿಕಕ್ಕೆ ಒಪ್ಪಿಸಿತು, ಆಮೇಲೆ ಆಸ್ತಿಯನ್ನೂ ಕಿತ್ತುಕೊಂಡಿತು. ಲಿಕ್ಟೆನ್‌ಸ್ಟೈನ್ ಅವನ ಪರವಾಗಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1955ರಲ್ಲಿ 11-3ರ ಬಹುಮತದ ತೀರ್ಪು: ಈ ಪೌರತ್ವದ ಹಿಂದೆ ನೈಜ ನಂಟಿಲ್ಲ, ಗ್ವಾಟೆಮಾಲಾ ಇದನ್ನು ಮನ್ನಿಸಬೇಕಾಗಿಲ್ಲ. ಹಾಗಾದರೆ ನಂಟಿದ್ದದ್ದು ಎಲ್ಲಿ? ಗ್ವಾಟೆಮಾಲಾದಲ್ಲಿ ಎಂದು ನ್ಯಾಯಾಲಯವೇ ಎತ್ತಿ ತೋರಿಸಿತು. ಅದರಿಂದ ಅವನಿಗೆ ಒಂದು ಕಾಫಿ ಗಿಡವೂ ವಾಪಸು ಬರಲಿಲ್ಲ. ನಂಟಿಲ್ಲವೆಂದು ಬಾಗಿಲು ಹಾಕಬಹುದು. ನಂಟಿದೆಯೆಂದು ಬಾಗಿಲು ತೆರೆಯಬೇಕಾಗಿಲ್ಲ.

ಇದನ್ನು ಕಾಣಲು ಹೇಗ್ ನಗರಕ್ಕೆ ಹೋಗಬೇಕಿಲ್ಲ, ಶಿರಸಿಯಿಂದ ಮುಂಡಗೋಡದ ಬಸ್ಸು ಹತ್ತಿದರೆ ಸಾಕು. ನಾವು ಭಾನುವಾರ ಮೊಮೊ ತಿಂದು, ಗೊಂಪಾದ ಮುಂದೆ ಫೋಟೋ ತೆಗೆಸಿಕೊಂಡು ಬರುವ ಟಿಬೆಟಿಯನ್ ಕಾಲೊನಿ 1960ರ ದಶಕದಿಂದ ಅಲ್ಲಿದೆ. ಟಿಬೆಟಿನಿಂದ ಬಂದ ಗಂಡಹೆಂಡಿರಿಗೆ ಅಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರೆಂದು ಇಟ್ಟುಕೊಳ್ಳಿ. ಮೊದಲನೆಯದು 1987ರ ಜೂನ್ 30ರ ರಾತ್ರಿ ಹನ್ನೊಂದೂಮುಕ್ಕಾಲಿಗೆ, ಎರಡನೆಯದು ಹನ್ನೆರಡು ದಾಟಿದ ಮೇಲೆ. ನಮ್ಮ 1955ರ ಪೌರತ್ವ ಕಾಯ್ದೆಯ ಲೆಕ್ಕದಲ್ಲಿ ಮೊದಲನೆಯವನು ಹುಟ್ಟಿನಿಂದಲೇ ಭಾರತೀಯ. ಜುಲೈ 1ರಿಂದ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು; ಆದ್ದರಿಂದ ಎರಡನೆಯವನು ವಿದೇಶಿ. ಹುಟ್ಟಿದ ಊರಿನಲ್ಲೇ ಇರಲು ನೋಂದಣಿ ಪತ್ರವನ್ನು ನವೀಕರಿಸುತ್ತಿರಬೇಕು, ಪಾಸ್‌ಪೋರ್ಟಿನ ಬದಲು ಹಳದಿ ಪುಸ್ತಕ ಹಿಡಿಯಬೇಕು. ಯಾವ ದೇಶದ ವಿದೇಶಿ ಎಂದು ಕೇಳಬೇಡಿ. ದೇಶರಹಿತರ ಕುರಿತ 1954 ಮತ್ತು 1961ರ ಒಪ್ಪಂದಗಳೆರಡಕ್ಕೂ ನಾವು ಸೇರಿಲ್ಲ.

ಅಣ್ಣನಾದರೂ ಸುಖಿಯೇ? ಕಾಯ್ದೆಯಲ್ಲಿ ಬರೆದಿದ್ದನ್ನೇ ಬರೆದಿದೆ ಎಂದು ಹೇಳಿಸಿಕೊಳ್ಳಲು 2010ರಲ್ಲಿ, ಮತ್ತೆ 2016ರಲ್ಲಿ ಇಂಥವರು ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. 2017ರಲ್ಲಿ ಸರ್ಕಾರ ಪಾಸ್‌ಪೋರ್ಟ್ ಕೊಡುತ್ತೇನೆಂದಿತು, ಷರತ್ತುಗಳೊಂದಿಗೆ. ಹಳೆಯ ಪತ್ರಗಳನ್ನು ರದ್ದು ಮಾಡಿಸಬೇಕು. ಟಿಬೆಟಿಯನ್ ಕಾಲೊನಿಯಲ್ಲಿ ವಾಸಿಸುತ್ತಿರಬಾರದು.

ಇನ್ನೊಮ್ಮೆ ಓದಿ. ಹುಟ್ಟಿದ ಮನೆ, ಅಪ್ಪ ಉತ್ತ ಜೋಳದ ಹೊಲ, ಪಕ್ಕದ ಕೋಣೆಯಲ್ಲಿ ಮಲಗಿದ ತಾಯಿ, ಎಲ್ಲವನ್ನೂ ಬಿಟ್ಟು ಹೊರಬಂದರೆ ಈ ನೆಲದವನೆಂದು ಒಪ್ಪುತ್ತಾರಂತೆ. ಇದಕ್ಕೆ ವ್ಯಂಗ್ಯ ಬೆರೆಸಲು ನನಗೆ ಸಾಧ್ಯವಾಗುತ್ತಿಲ್ಲ. ಇಂಥದ್ದನ್ನು ಬರೆದು, ಸಹಿ ಹಾಕಿ, ಮೊಹರು ಒತ್ತಿದವರು ಸಂಜೆ ತಮ್ಮ ಮನೆಗೆ ಹೇಗೆ ಹೋದರೋ.

ಮರುದಿನ ತೀರಕ್ಕೆ ಹೋದಾಗ ಹಡಗು ಹೊರಟುಹೋಗಿತ್ತು. ಪನಾಮಾಕ್ಕಂತೂ ಅಲ್ಲ.