ವಾಲ್ವ್‌ನಿಂದ ಓದೋಣ

ಫ್ರಿಜ್ ಹೇಗೆ ತಂಪು ಮಾಡುತ್ತೆ ಅಂತ ತೋರಿಸೋ ಆ ನಾಲ್ಕು ಡಬ್ಬಿ ಚಿತ್ರ ಇದೆಯಲ್ಲ, ಅದರಲ್ಲಿ ಎಲ್ಲರ ಕಣ್ಣೂ ಮೊದಲು ಕಂಪ್ರೆಸರ್ ಮೇಲೇ ಬೀಳುತ್ತೆ, ಸದ್ದು ಮಾಡೋದೂ ಕರೆಂಟ್ ತಿನ್ನೋದೂ ಅದೇ ತಾನೆ. ನಾನು ಮಾತ್ರ ಎಕ್ಸ್‌ಪಾನ್ಷನ್ ವಾಲ್ವ್‌ನಿಂದ ಶುರು ಮಾಡ್ತೀನಿ. ಮೂತಿಗೆ ಮೂತಿ ಇಟ್ಟ ಎರಡು ತ್ರಿಕೋನ, ಅಷ್ಟೇ ಅದರ ಗುರುತು. ಮನೆ ಫ್ರಿಜ್‌ನಲ್ಲಂತೂ ಸಾಮಾನ್ಯವಾಗಿ ವಾಲ್ವೇ ಇರಲ್ಲ, ಸಣ್ಣ ತೂತಿನ ಉದ್ದನೆ ಕೊಳವೆಯೇ ಒತ್ತಡ ಇಳಿಸೋ ಆ ಕೆಲಸ ಮಾಡುತ್ತೆ.

ಈ ಡಬ್ಬಿಗಳಲ್ಲಿ ಸುತ್ತೋ ಗ್ಯಾಸ್‌ಗಳಲ್ಲಿ ಆರ್-134ಎನೇ ತಗೊಳ್ಳಿ. ಕಂಡೆನ್ಸರ್‌ನಲ್ಲಿ ಬಿಸಿ ಕಳ್ಕೊಂಡು ದ್ರವ ಆಗಿ, 40 ಡಿಗ್ರಿಯಲ್ಲಿ, ಸುಮಾರು 10 ಬಾರ್ ಒತ್ತಡದಲ್ಲಿ ವಾಲ್ವ್‌ಗೆ ಬರುತ್ತೆ. ಆಚೆ ಕಡೆ ಒತ್ತಡ 1.3 ಬಾರ್. ದಾಟಿದ ತಕ್ಷಣ -20 ಡಿಗ್ರಿ! ಅಷ್ಟು ಬಿಸಿ ಎಲ್ಲಿಗೆ ಹೋಯ್ತು? ಹೊರಗಂತೂ ಹೋಗಿಲ್ಲ. ಒತ್ತಡ ಬಿದ್ದಾಗ ಆ ದ್ರವಕ್ಕೆ 40 ಡಿಗ್ರಿಯಲ್ಲಿ ದ್ರವವಾಗಿ ಇರೋಕೆ ಆಗಲ್ಲ, ಒಂದಷ್ಟು ಭಾಗ ಅಲ್ಲೇ ಕುದ್ದು ಆವಿ ಆಗುತ್ತೆ, ಕುದಿಯೋಕೆ ಬೇಕಾದ ಬಿಸಿನ ಪಕ್ಕದ ದ್ರವದಿಂದಲೇ ಕಿತ್ಕೊಳ್ಳುತ್ತೆ. ಲೆಕ್ಕ ಹಾಕಿದ್ರೆ ತೂಕದಲ್ಲಿ ನೂರಕ್ಕೆ 39 ಪಾಲು ಹೀಗೆ ಫ್ರಿಜ್ ಒಳಗಿನ ಬಿಸಿ ಹೀರೋ ಕಾಯಿಲ್‌ಗೆ, ಅಂದ್ರೆ ಇವಾಪರೇಟರ್‌ಗೆ, ಹೋಗೋಕೆ ಮುಂಚೆನೇ ಆವಿ ಆಗಿರುತ್ತೆ. ಅಂದ್ರೆ ಪೂರ್ತಿ ದ್ರವ ಆಗಿದ್ರೆ ಕಿಲೋಗೆ 213 ಕಿಲೋಜೂಲ್ ಹೀರ್ತಿದ್ದಿದ್ದು ಈಗ 130ರಷ್ಟೇ. ಕಂಡೆನ್ಸರ್ ಕೊನೆಯಲ್ಲಿ ದ್ರವನ ಇನ್ನೂ ನಾಲ್ಕೈದು ಡಿಗ್ರಿ ತಣ್ಣಗೆ ಮಾಡಿ ಕಳಿಸಿ ಅನ್ನೋದು ಇದಕ್ಕೇ, ವಾಲ್ವ್‌ನಲ್ಲಿ ಆವಿ ಆಗೋದು ಅಷ್ಟು ಕಮ್ಮಿ ಆಗುತ್ತೆ.

ಇವಾಪರೇಟರ್‌ನಲ್ಲಿ ಉಳಿದ ದ್ರವ ಒಳಗಿನ ಬಿಸಿ ಹೀರ್ತಾ ಕುದಿಯುತ್ತೆ, ಆದ್ರೂ ಕೊನೆ ಹನಿ ಆರೋವರೆಗೆ -20ರಲ್ಲೇ ಇರುತ್ತೆ. ಆಮೇಲಷ್ಟೇ ಆವಿ ಬಿಸಿ ಏರೋದು, ಅದಕ್ಕೆ ಸೂಪರ್‌ಹೀಟ್ ಅಂತಾರೆ. ಇವಾಪರೇಟರ್‌ನಿಂದ ಕಂಪ್ರೆಸರ್‌ಗೆ ಹೋಗೋ, ಚಿತ್ರದಲ್ಲಿ ಬರೀ ಒಂದು ಗೆರೆ ಆಗಿರೋ ಈ ಜಾಗದಲ್ಲೇ ರಿಪೇರಿಯವರು ಗೇಜೂ ಥರ್ಮಾಮೀಟರೂ ಹಾಕಿ ನಿಂತ್ಕೊಳ್ಳೋದು. ಗೇಜ್ -20ಕ್ಕೆ ಸರಿಯಾದ ಒತ್ತಡ ತೋರಿಸ್ತಾ ಇದೆ, ಪೈಪ್ -14 ಇದೆ ಅಂದ್ರೆ 6 ಡಿಗ್ರಿ ಸೂಪರ್‌ಹೀಟ್, ಚಿಂತೆ ಇಲ್ಲ. ಪೈಪೂ -20ರಲ್ಲೇ ಇದ್ರೆ ದ್ರವ ಇನ್ನೂ ಉಳಿದಿರಬಹುದು, ಅದು ಕಂಪ್ರೆಸರ್‌ಗೆ ನುಗ್ಗಿದ್ರೆ ಆಯಿಲ್ ತೆಳು ಆಗುತ್ತೆ, ದ್ರವನ ಅಮುಕೋಕೆ ಆಗಲ್ಲ ನೋಡಿ, ಒಳಗಿನ ವಾಲ್ವ್‌ಗಳೇ ಮುರಿದುಹೋಗಬಹುದು. ಪೈಪ್ 0 ಡಿಗ್ರಿಗೆ ಬಂದಿದ್ರೆ ಉಲ್ಟಾ ಕಥೆ: ದ್ರವ ಅರ್ಧ ದಾರಿಯಲ್ಲೇ ಖಾಲಿ, ಉಳಿದ ಕಾಯಿಲ್ ಸುಮ್ನೆ ಕೂತಿದೆ. ಗ್ಯಾಸ್ ಕಮ್ಮಿ ಇರಬಹುದು, ಇಲ್ಲಾ ವಾಲ್ವೇ ಕಟ್ಟಿಕೊಂಡಿರಬಹುದು, ಅದಕ್ಕೇ ಕಂಡೆನ್ಸರ್ ಕಡೆ ದ್ರವ ಎಷ್ಟು ತಣ್ಣಗಿದೆ ಅಂತ ನೋಡ್ದೆ ಗ್ಯಾಸ್ ತುಂಬೋಕೆ ಹೋಗ್ಬಾರ್ದು.