ಕೊನೆ ಭಾಗದ ಬೆರಳು

ಹೆಲ್ಮೆಟ್ ಧರಿಸಿ ಊಟಕ್ಕೆ ಕುಳಿತ ಗಣಿತದ ಮೇಷ್ಟ್ರು ಕೊಪ್ಪಳದಲ್ಲಿ ಬಹುಶಃ ನಾನೊಬ್ಬನೇ. ಅದೇನು ಶೋಕಿಗಲ್ಲ. ಗದ್ದದ ಕೆಳಗಿನ ಬಕಲನ್ನು ಹೆಬ್ಬೆರಳು, ತೋರುಬೆರಳಿನಿಂದ ಎರಡೂ ಬದಿ ಹಿಸುಕಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಆ ಭಾನುವಾರ ನಾನು ಹಿಸುಕಿದೆ, ಬಕಲು ಜಗ್ಗಲಿಲ್ಲ. ಮತ್ತೆ ಹಿಸುಕಿದೆ. ಬಕಲಿಗೆ ನಾನು ಹಿಸುಕುತ್ತಿರುವುದು ಗೊತ್ತೇ ಆಗಲಿಲ್ಲ ಎನಿಸುತ್ತದೆ. ಹೆಂಡತಿ ಪಕ್ಕದ ಮನೆಗೆ ಹೋಗಿದ್ದಳು, ಹೊಟ್ಟೆ ಚುರುಗುಟ್ಟುತ್ತಿತ್ತು. ಹಾಗೇ ಬಡಿಸಿಕೊಂಡು ಕುಳಿತೆ.

ಅವಳು ಬಂದು ಬಾಗಿಲಲ್ಲೇ ನಿಂತಳು. "ರೀ, ರೊಟ್ಟಿ ಮುರಿಯುವಾಗಲೂ ತಲೆಗೆ ಪೆಟ್ಟಾಗುತ್ತದೆಯೇ?" ಎಂದಳು. ಆಮೇಲೆ ಒಂದೇ ಕೈಯಲ್ಲಿ ಬಕಲು ಬಿಚ್ಚಿ ಒಳಗೆ ಹೋದಳು.

ಬೆಳಗಿನ ಜಾವ ಐದಕ್ಕೆ ಸೈಕಲ್ ಹತ್ತಿ ಹೊರಟು ಮುನಿರಾಬಾದ್, ಹುಲಿಗಿ, ಸಾಣಾಪುರದ ಮೇಲಿಂದ ಆನೆಗೊಂದಿ ಮುಟ್ಟಿ ಬಂದಿದ್ದೆ. ಹೋಗಿ ಬರುವಷ್ಟರಲ್ಲಿ ನೂರು ಕಿಲೋಮೀಟರಿನ ಆಸುಪಾಸು. ಬಂಡೆಗುಡ್ಡಗಳ ನಡುವೆ ಹೋಗುವ ಆ ರಸ್ತೆ ಕಣ್ಣಿಗೆ ಹಬ್ಬ. ಅಂಗೈಗೆ ಮಾತ್ರ ರೊಟ್ಟಿ ತಟ್ಟಿದ ಹಾಗೆ. ಅರ್ಧ ದಾರಿಯಲ್ಲೇ ಬಲಗೈಯ ಕಿರುಬೆರಳಿಗೆ ಜೋಮು ಹಿಡಿಯಿತು. ಮಂಡಕ್ಕಿ ಒಗ್ಗರಣೆಗೆಂದು ನಿಲ್ಲಿಸಿದಾಗ ಕೈಯಲ್ಲಿದ್ದ ಮಿರ್ಚಿ ನನಗೆ ತಿಳಿಯದಂತೆ ಜಾರಿ ನೆಲಕ್ಕೆ ಬಿತ್ತು. ಬೆರಳಿಗಿಂತ ಮಿರ್ಚಿಯ ದುಃಖವೇ ಆಗ ದೊಡ್ಡದಾಗಿತ್ತು.

ಇಂಥ ಜೋಮು ನನಗೆ ಹೊಸದಲ್ಲ. ಎರಡು ತಿಂಗಳಿನಿಂದ ಪ್ರತಿ ಭಾನುವಾರ ಬರುತ್ತಿತ್ತು, ಸ್ನಾನ ಮುಗಿಯುವಷ್ಟರಲ್ಲಿ ಹೋಗುತ್ತಿತ್ತು. ಹಾಗಾಗಿ ಅದನ್ನು ನೆಂಟರಂತೆ ನೋಡಿಕೊಂಡಿದ್ದೆ. ಕೊಬ್ಬರಿ ಎಣ್ಣೆ ಹಚ್ಚಿ ಬೆರಳು ತಿಕ್ಕಿದೆ. ಸಹೋದ್ಯೋಗಿಯೊಬ್ಬರು ಮಣಿಕಟ್ಟಿಗೆ ಬಿಗಿಯಾದ ಪಟ್ಟಿ ಕಟ್ಟಿಕೊಳ್ಳಲು ಹೇಳಿದರು, ಕಟ್ಟಿಕೊಂಡೆ. ಜೋಮು ಇನ್ನೂ ಬೇಗ ಬಂತು. ಕೊನೆಗೆ ಕೈಗವಸಿನ ತಪ್ಪಿರಬೇಕು ಎಂದುಕೊಂಡು ಅಂಗೈಯಲ್ಲಿ ಜೆಲ್ ತುಂಬಿದ, ಬೆಲೆಯಲ್ಲೂ ಗಾತ್ರದಲ್ಲೂ ದಪ್ಪನೆಯ ಹೊಸ ಕೈಗವಸು ತರಿಸಿದೆ. ಹಳೆಯ ತೆಳು ಕೈಗವಸಿನಲ್ಲಿ ನಲವತ್ತು ಕಿಲೋಮೀಟರಿಗೆ ಬರುತ್ತಿದ್ದ ಜೋಮು ಹೊಸದರಲ್ಲಿ ಇಪ್ಪತ್ತೈದಕ್ಕೇ ಬಂತು. ದುಡ್ಡು ಕೊಟ್ಟು ಹದಿನೈದು ಕಿಲೋಮೀಟರು ಕಳೆದುಕೊಂಡಂತಾಯಿತು.

ಸೋಮವಾರ ಬೆಳಗ್ಗೆಯೂ ಬೆರಳು ಮರಗಟ್ಟಿಯೇ ಇತ್ತು. ತರಗತಿಯಲ್ಲಿ ಸೀಮೆಸುಣ್ಣ ಎರಡು ಸಲ ಕೈಜಾರಿತು. ಮೂರನೆಯ ಸಲ ಮುಂದಿನ ಬೆಂಚಿನ ಹುಡುಗನೊಬ್ಬ ಕ್ಯಾಚ್ ಹಿಡಿದ. ಇಡೀ ತರಗತಿ ಔಟ್ ಎಂದು ಕೂಗಿದ ಮೇಲೆ ವೈದ್ಯರಲ್ಲಿಗೆ ಹೋಗುವುದೇ ಒಳ್ಳೆಯದು ಅನ್ನಿಸಿತು.

ವೈದ್ಯರು ಎಕ್ಸ್‌ರೇ ಬರೆಯುತ್ತಾರೆ ಎಂದುಕೊಂಡಿದ್ದೆ. ಅವರು ಮೇಜಿನಿಂದ ಒಂದು ಗುಂಡುಸೂಜಿ ತೆಗೆದುಕೊಂಡರು. ಮೊದಲು ಬೆರಳುಗಳ ಅಂಗೈ ಕಡೆಯನ್ನು ಮೆಲ್ಲಗೆ ಚುಚ್ಚುತ್ತಾ ಬಂದರು. ಕಿರುಬೆರಳಿನಲ್ಲಿ ಚುಚ್ಚಿದ್ದೇ ತಿಳಿಯಲಿಲ್ಲ. ಉಂಗುರ ಬೆರಳಿನಲ್ಲಿ ವಿಚಿತ್ರವಾಯಿತು: ಕಿರುಬೆರಳಿಗೆ ಅಂಟಿದ ಅರ್ಧ ಸತ್ತಂತಿತ್ತು, ನಡುಬೆರಳಿನ ಕಡೆಯ ಅರ್ಧ ಜೀವಂತವಿತ್ತು. ಒಂದೇ ಬೆರಳಿನ ನಡುವೆ ಗಡಿಕಲ್ಲು ನೆಟ್ಟ ಹಾಗೆ. "ಒಂದೂವರೆ ಬೆರಳು," ಎಂದರು ವೈದ್ಯರು. ಮೂವತ್ತು ವರ್ಷ ಭಿನ್ನರಾಶಿ ಕಲಿಸಿದವನಿಗೆ ನನ್ನದೇ ಕೈಯಲ್ಲಿ ಉದಾಹರಣೆ ಸಿಕ್ಕಿತ್ತು.

ಹೆಬ್ಬೆರಳಿನಿಂದ ಉಂಗುರ ಬೆರಳಿನ ಅರ್ಧದವರೆಗೆ ಒಂದು ನರ, ಉಳಿದ ಒಂದೂವರೆಗೆ ಅಲ್ನಾರ್ ಎಂಬ ಇನ್ನೊಂದು ನರ. ಮೊಣಕೈ ಗೋಡೆಗೆ ತಗುಲಿದಾಗ ಕರೆಂಟ್ ಹೊಡೆದಂತೆ ಆಗುತ್ತದಲ್ಲ, ಅದೂ ಈ ಅಲ್ನಾರ್ ನರವೇ. ಹಾಗಿದ್ದರೆ ಏಟು ಬಿದ್ದಿರುವುದು ಮೊಣಕೈಯಲ್ಲೋ ಮಣಿಕಟ್ಟಿನಲ್ಲೋ? ಅದಕ್ಕೂ ಗುಂಡುಸೂಜಿಯೇ ಉತ್ತರ ಕೊಟ್ಟಿತು. ವೈದ್ಯರು ಕೈ ಮಗುಚಿ ಅಂಗೈಯ ಹಿಂಭಾಗದಲ್ಲಿ, ಕಿರುಬೆರಳ ಬುಡದ ಕಡೆ ಚುಚ್ಚಿದರು. ನಾನು "ಅಯ್ಯೋ" ಎಂದೆ. ಅವರು ಸಂತೋಷಪಟ್ಟರು. ಕೈಯ ಹಿಂಭಾಗಕ್ಕೆ ಹೋಗುವ ಕವಲು ಮಣಿಕಟ್ಟು ಬರುವ ಮೊದಲೇ ಮುಖ್ಯ ನರದಿಂದ ಒಡೆದು ಹೋಗುತ್ತದೆ. ಅಲ್ಲಿ ಸ್ಪರ್ಶ ಸರಿ ಇದ್ದು ಅಂಗೈ ಕಡೆ ಮಾತ್ರ ಕೆಟ್ಟಿದ್ದರೆ ತೊಂದರೆ ಆ ಕವಲಿನಿಂದ ಕೆಳಗೆ, ಅಂದರೆ ಮಣಿಕಟ್ಟಿನಲ್ಲಿ. ಮೊಣಕೈಯ ಹಿಂದೆ ನರ ದಪ್ಪವಾಗಿದೆಯೇ ಎಂದೂ ಒತ್ತಿ ನೋಡಿದರು. ಕಿರುಬೆರಳು ಮರಗಟ್ಟಿ ಬಂದವರಲ್ಲಿ ಕುಷ್ಠ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು ಅವರ ರೂಢಿಯಂತೆ. ಸಕ್ಕರೆ ಪರೀಕ್ಷೆಯನ್ನೂ ಬರೆದರು. ಎರಡೂ ಸರಿ ಇದ್ದವು.

ನನಗೆ ಅರ್ಥವಾಗದೆ ಉಳಿದದ್ದು ಹೆಬ್ಬೆರಳು. ಜೋಮು ಕಿರುಬೆರಳಿಗೆ, ಬಕಲಿಗೆ ಸೋತದ್ದು ಹೆಬ್ಬೆರಳು. ಸಂಬಂಧವೇನು? ವೈದ್ಯರು ಔಷಧದ ಚೀಟಿಯನ್ನು ನನ್ನ ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ ಸಿಕ್ಕಿಸಿ, "ಬಿಡಬೇಡಿ" ಎಂದು ಎಳೆದರು. ಚೀಟಿ ಹಿಡಿದಿಟ್ಟುಕೊಳ್ಳಲು ನನ್ನ ಹೆಬ್ಬೆರಳಿನ ತುದಿಯ ಗೆಣ್ಣು ಬಿಲ್ಲಿನಂತೆ ಬಾಗಿತು. ಎಡಗೈಯಲ್ಲಿ ಅದು ನೇರವಾಗಿಯೇ ನಿಂತಿತು. ಅಲ್ನಾರ್ ನರದ ಆಳದ ಕವಲೊಂದು ಅಂಗೈಯನ್ನು ಅಡ್ಡ ಹಾದು ಹೆಬ್ಬೆರಳನ್ನು ಒಳಕ್ಕೆ ಒತ್ತುವ ಸ್ನಾಯುವಿನ ತನಕ ಹೋಗುತ್ತದೆ. ಆ ಸ್ನಾಯು ಸೋತರೆ ತುದಿ ಬಗ್ಗಿಸುವ ಬೇರೊಂದು ಸ್ನಾಯು ಬದಲಿ ಶಿಕ್ಷಕನಂತೆ ಬಂದು ಕೆಲಸ ಮಾಡುತ್ತದೆ. ಬರೀ ಜೋಮಾಗಿದ್ದರೆ ಅವರು ಇಷ್ಟು ಗಂಭೀರರಾಗುತ್ತಿರಲಿಲ್ಲ. ಶಕ್ತಿ ಕುಂದಿದ್ದರಿಂದ ಸೈಕಲ್ ಬಂದ್ ಮಾಡಿಸಿದರು. ಆರು ವಾರದಲ್ಲಿ ಸುಧಾರಿಸದಿದ್ದರೆ, ಅಥವಾ ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಗುಳಿ ಬೀಳತೊಡಗಿದರೆ ಅದಕ್ಕೂ ಮುಂಚೆಯೇ, ನರದ ವಿದ್ಯುತ್ ಪರೀಕ್ಷೆ ಮಾಡೋಣ ಎಂದರು.

ನಂತರ ನನ್ನ ಅಂಗೈ ಮೇಲೆ ಪೆನ್ನಿನಿಂದ ನಕಾಶೆ ಬರೆದರು. ಕಿರುಬೆರಳ ಕಡೆ, ಮಣಿಕಟ್ಟಿನ ಗೆರೆಯ ಹತ್ತಿರ ಬಟಾಣಿಯಂಥ ಒಂದು ಪುಟ್ಟ ಮೂಳೆ ಕೈಗೆ ಸಿಗುತ್ತದೆ. ಅದರಿಂದ ಸ್ವಲ್ಪ ಮುಂದೆ, ಅಂಗೈಯ ಒಳಕ್ಕೆ, ಕೊಕ್ಕೆಯಂಥ ಇನ್ನೊಂದು. ಇವೆರಡರ ನಡುವಿನ ಸಂದಿಯಲ್ಲಿ ನರ ನುಗ್ಗಿ ಹೋಗುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಗೀಯೋನ್ 1861ರಲ್ಲಿ ವಿವರಿಸಿದ್ದರಿಂದ ಆ ಸಂದಿಗೆ ಗೀಯೋನ್ ಕಾಲುವೆ ಎಂದು ಹೆಸರು. ಹ್ಯಾಂಡಲ್ ಮೇಲೆ ಮೈಭಾರ ಬಿಟ್ಟರೆ ಭಾರವೆಲ್ಲ ನೇರ ಈ ಕಾಲುವೆಯ ಮೇಲೆ. "ನೀವು ಎಡದಂಡೆ ನಾಲೆಯ ಪಕ್ಕವೇ ಸೈಕಲ್ ಹೊಡೆಯುವವರು. ಕೊನೆ ಭಾಗದ ಹೊಲಕ್ಕೆ ನೀರು ಬರದಿದ್ದರೆ ಆ ಹೊಲವನ್ನು ಅಗೆದು ನೋಡುತ್ತಾರೆಯೇ?" ಎಂದು ಕೇಳಿದರು. ಎರಡು ತಿಂಗಳು ನಾನು ಅದನ್ನೇ ಮಾಡಿದ್ದೆ, ಅದೂ ಕೊಬ್ಬರಿ ಎಣ್ಣೆ ಹಾಕಿ.

ಆದರೆ ಮೈಭಾರ ಕೈಗೇಕೆ ಬಂತು? ಇದಕ್ಕೆ ಉತ್ತರ ಸಿಕ್ಕಿದ್ದು ಸೈಕಲ್ ರಿಪೇರಿ ಅಂಗಡಿಯ ಚಾಚಾ ಅವರಲ್ಲಿ. ಅವರು ಸೈಕಲನ್ನು ಗೋಡೆಗೆ ಒರಗಿಸಿ ಹಿಡಿದು ನನ್ನನ್ನು ಹತ್ತಿಸಿದರು. ಓಡಿಸುವಾಗಿನ ಭಂಗಿಯಲ್ಲಿ ಬಾಗಿ ಕೂರಿಸಿ, "ಮಾಸ್ತರೇ, ಈಗ ಸೊಂಟ ಅಲುಗಿಸದೆ ಎರಡೂ ಕೈ ಬಿಡಿ" ಎಂದರು. ಬಿಟ್ಟೆ. ಹ್ಯಾಂಡಲ್ಲಿಗೆ ಸಾಷ್ಟಾಂಗ ಬಿದ್ದೆ. ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮರ್ಯಾದೆಗೆ ಮುಖ ಆ ಕಡೆ ತಿರುಗಿಸಿದ. ಸರಿಯಾಗಿ ಕುಳಿತವನು ಕೈ ಬಿಟ್ಟರೂ ಕೆಲವು ಕ್ಷಣ ಹಾಗೇ ನಿಲ್ಲಬೇಕಂತೆ.

ಚಾಚಾ ಪಕ್ಕದ ಕಟ್ಟಡದ ಗೌಂಡಿಯಿಂದ ರಸಮಟ್ಟ ತರಿಸಿ ಸೀಟಿನ ಉದ್ದಕ್ಕೆ ಇಟ್ಟರು. ಗುಳ್ಳೆ ಹಿಂದಕ್ಕೆ ಓಡಿಹೋಯಿತು. ಸೀಟಿನ ಮೂತಿ ಕೆಳಗೆ ಬಾಗಿತ್ತು. ಬಗ್ಗಿಸಿದವನು ನಾನೇ. ಕೂರುವ ಜಾಗ ನೋಯುತ್ತದೆ ಎಂದು ಎರಡೂವರೆ ತಿಂಗಳ ಹಿಂದೆ ಮೂತಿ ಇಳಿಸಿ, ಬಹಳ ಜಾಣತನ ಮಾಡಿದೆ ಎಂದು ಬೀಗಿದ್ದೆ. 27 ಸೆಂ.ಮೀ. ಉದ್ದದ ಸೀಟಿನಲ್ಲಿ 2 ಸೆಂ.ಮೀ. ಇಳಿಜಾರು, ಅಂದರೆ 4 ಡಿಗ್ರಿಗಿಂತ ತುಸು ಹೆಚ್ಚು. ಒಂಬತ್ತನೇ ತರಗತಿಯ ಹುಡುಗನೂ ಹೇಳುತ್ತಾನೆ, ಇಳಿಜಾರಿನ ಮೇಲಿಟ್ಟ ವಸ್ತು ಜಾರುತ್ತದೆ ಎಂದು. ನಾನು ನೂರು ಕಿಲೋಮೀಟರು ಮುಂದಕ್ಕೆ ಜಾರುತ್ತಾ, ಅಂಗೈಯಿಂದ ನನ್ನನ್ನೇ ಹಿಂದಕ್ಕೆ ತಳ್ಳಿಕೊಳ್ಳುತ್ತಾ ಹೋಗಿ ಬಂದಿದ್ದೆ.

ಸೀಟು ಮಟ್ಟವಾಯಿತು. ಹ್ಯಾಂಡಲ್ ಕತ್ತಿನ ಮೇಲಿದ್ದ, ತಲಾ ಒಂದು ಸೆಂಟಿಮೀಟರಿನ ಎರಡು ಉಂಗುರಗಳನ್ನು ತೆಗೆದು ಅದರ ಕೆಳಗೆ ಹಾಕಿದರು, ಹ್ಯಾಂಡಲ್ ಅಷ್ಟು ಮೇಲೇರಿತು. ಬ್ರೇಕಿನ ಹಿಡಿಗಳು ನೆಲಕ್ಕೆ ಸಮಾನಾಂತರವಾಗಿದ್ದವು. ಅವುಗಳ ಮೇಲೆ ಬೆರಳಿಡಲು ಮಣಿಕಟ್ಟನ್ನು ಹಿಂದಕ್ಕೆ ಮಡಚಬೇಕಾಗುತ್ತಿತ್ತು, ಮಡಚಿದ ಮಣಿಕಟ್ಟಿನಲ್ಲಿ ಆ ಕಾಲುವೆ ಇನ್ನಷ್ಟು ಬಿಗಿಯುತ್ತದೆ. ಹಿಡಿಗಳನ್ನು ಕೆಳಕ್ಕೆ ತಿರುಗಿಸಿ ಮುಂಗೈ, ಮಣಿಕಟ್ಟು, ಬೆರಳು ಒಂದೇ ಸರಳರೇಖೆಗೆ ಬರುವಂತೆ ಮಾಡಿದರು. ಹ್ಯಾಂಡಲಿನ ತುದಿಗಳಿಗೆ ಎರಡು ಪುಟ್ಟ ಕೊಂಬುಗಳನ್ನೂ ಹಾಕಿಸಿಕೊಂಡೆ; ಕೊಂಬು ಹಿಡಿದಾಗ ಅಂಗೈ ಒಳಮುಖವಾಗಿ ಭಾರ ಬೇರೆ ಜಾಗಕ್ಕೆ ಹೋಗುತ್ತದೆ.

ನನ್ನ ದುಬಾರಿ ಕೈಗವಸನ್ನು ಚಾಚಾ ಮುಷ್ಟಿಯಲ್ಲಿ ಹಿಸುಕಿ ನೋಡಿದರು. ಜೆಲ್ ಬದಿಯಿಂದ ಸರಿದು ನಡುವೆ ಗುಡ್ಡೆಯಾಯಿತು. ಹಳೆಯ ಹತ್ತಿ ಗಾದಿ ಎಲ್ಲಿ ಬೇಕೋ ಅಲ್ಲಿ ತೆಳುವಾಗಿ, ಬೇಡದ ಕಡೆ ಗಂಟಾಗುತ್ತದಲ್ಲ, ಹಾಗೆ. ಆ ಗುಡ್ಡೆ ಬಂದು ಕೂರುತ್ತಿದ್ದುದು ವೈದ್ಯರು ಪೆನ್ನಿನಲ್ಲಿ ಗುರುತು ಹಾಕಿದ ಜಾಗದಲ್ಲೇ. ಮೇಲಾಗಿ ಹಿಡಿಕೆ ದಪ್ಪವಾದಂತಾಗಿ ನಾನು ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದೆ. ಮೆತ್ತೆ ಎರಡು ಪಾಲಾಗಿ, ನಡುವೆ ಗೀಯೋನ್ ಕಾಲುವೆಯ ಮೇಲೆ ತೋಡು ಬಿಟ್ಟಿರುವ ತೆಳು ಕೈಗವಸೇ ಒಳ್ಳೆಯದಂತೆ. ಅಂಥದ್ದನ್ನು ಕೊಂಡೆ. ಆದರೆ ಸೀಟು ಇಳಿಜಾರಾಗಿದ್ದರೆ ಯಾವ ಕೈಗವಸೂ ಉಳಿಸುವುದಿಲ್ಲ ಎಂದು ಚಾಚಾ ಹೇಳಿದ್ದನ್ನೂ ನೆನಪಿಟ್ಟುಕೊಂಡೆ. ದಪ್ಪ ಕೈಗವಸು ಈಗ ಅಡುಗೆಮನೆಯಲ್ಲಿದೆ, ಬಿಸಿ ಪಾತ್ರೆ ಇಳಿಸಲು ಬಹಳ ಅನುಕೂಲ ಎಂದು ಹೆಂಡತಿ ಹೊಗಳುತ್ತಾಳೆ.

ಸ್ಪರ್ಶ ಮೂರನೆಯ ವಾರಕ್ಕೆ ಮರಳಿತು, ಮೊದಲು ಉಂಗುರ ಬೆರಳಿನ ಅರ್ಧಕ್ಕೆ, ಆಮೇಲೆ ಕಿರುಬೆರಳಿಗೆ. ಹೆಬ್ಬೆರಳು ತಡ ಮಾಡಿತು. ದಿನಾ ರಾತ್ರಿ ಹಳೆಯ ಪ್ರಶ್ನೆಪತ್ರಿಕೆ ಸಿಕ್ಕಿಸಿಕೊಂಡು, "ಎಳೆಯೇ" ಎಂದು ಹೆಂಡತಿಗೆ ಹೇಳುತ್ತಿದ್ದೆ. ಅವಳು ಮೊದಮೊದಲು ಪಾಪ ಎಂದು ಮೆಲ್ಲಗೆ ಎಳೆಯುತ್ತಿದ್ದಳು, ಆಮೇಲೆ ಹಳೆಯ ಬಾಕಿ ತೀರಿಸುವವಳಂತೆ ಎಳೆದಳು. ಏಳನೆಯ ವಾರ ಗೆಣ್ಣು ನೇರ ನಿಂತು ಕಾಗದವೇ ಹರಿಯಿತು.

ಎಂಟನೆಯ ಭಾನುವಾರ ಮತ್ತೆ ಸಾಣಾಪುರದ ದಾರಿ ಹಿಡಿದೆ. ಹತ್ತು ನಿಮಿಷಕ್ಕೊಮ್ಮೆ ಕೊಂಬಿಗೆ, ಮತ್ತೆ ಹಿಡಿಕೆಗೆ ಕೈ ಬದಲಿಸಿದೆ. ಮಿರ್ಚಿ ಕೈಯಲ್ಲೇ ಉಳಿಯಿತು. ಮನೆಗೆ ಬಂದಾಗ ಹೆಂಡತಿ ಬಕಲು ಬಿಚ್ಚಲು ಸಿದ್ಧಳಾಗಿ ಬಾಗಿಲಲ್ಲೇ ನಿಂತಿದ್ದಳು. ನಾನು ಅವಳ ಕಣ್ಣೆದುರೇ ಟಕ್ಕನೆ ಬಿಚ್ಚಿದೆ.

"ಊಟಕ್ಕೆ ಕುಳಿತುಕೊಳ್ಳಿ," ಎಂದಳು.

ನಿಂತೇ ಉಂಡೆ. ಸೀಟು ಮಟ್ಟವಾದ ಮೇಲೆ ಹಳೆಯ ಜಾಗದ ನೋವು ಮರಳಿ ಬಂದಿದೆ, ಅದರ ವಿಷಯ ಕುಳಿತು ಬರೆಯುವ ಸ್ಥಿತಿಯಲ್ಲಿ ಸದ್ಯ ನಾನಿಲ್ಲ.